ಕೊನೆಯ ವರ್ಷದ ಪ್ರಾಜೆಕ್ಟ್ ಗೋಷ್ಠಿ: ಕೇಳುಗರ ಕೈಗೆ ಕೆಲವು ಪ್ರಶ್ನೆಗಳು

ಇವತ್ತು ಮೂರು ತಂಡಗಳು ಮಾತಾಡುತ್ತವೆ. ಪ್ರತಿ ತಂಡದ ಮಾತು ಮುಗಿದ ಮೇಲಿನ ಹತ್ತು ನಿಮಿಷ ನಿಮ್ಮದು. ಈ ವಿಷಯಗಳು ನಿಮಗೆ ಹೊಸದಿರಬಹುದು, ಅದಕ್ಕೇ ನಿಮ್ಮನ್ನು ಕರೆದಿದ್ದೇವೆ. ಲೆಕ್ಕ, ವಿಧಾನ ಇವನ್ನೆಲ್ಲ ತೀರ್ಪುಗಾರರು ನೋಡಿಕೊಳ್ಳುತ್ತಾರೆ. ಈ ಕೆಲಸದಿಂದ ಯಾರಿಗೆ ಏನು ಉಪಯೋಗ ಅಂತ ನೀವು ಕೇಳಿ. ಕೆಳಗಿನವನ್ನು ಹಾಗೇ ಓದಿದರೂ ಸರಿ.

ಯಾವ ತಂಡಕ್ಕಾದರೂ

ಈ ತೊಂದರೆ ಯಾರಿಗಿದೆ? ಈಗ ಅವರು ಅದಕ್ಕೆ ಏನು ಮಾಡುತ್ತಿದ್ದಾರೆ?

ನಿಮಗೆ ಕಂಡ ವ್ಯತ್ಯಾಸ ಆಕಸ್ಮಿಕವಲ್ಲ ಅಂತ ಲೆಕ್ಕ ಹಾಕಿ ತೋರಿಸಿದಿರಿ. ಆದರೆ ಅದು ಎಷ್ಟು ದೊಡ್ಡದು? ಬಳಸುವವರಿಗೆ ಗೊತ್ತಾಗುವಷ್ಟು ಇದೆಯಾ?

ಉತ್ತರ ಅರ್ಥವಾಗದಿದ್ದರೆ ಸುಮ್ನೆ ತಲೆಯಾಡಿಸಬೇಡಿ. "ಒಂದು ಉದಾಹರಣೆ ಕೊಟ್ಟು ಇನ್ನೊಮ್ಮೆ ಹೇಳ್ತೀರಾ?" ಅನ್ನಿ. ವರ್ಷವಿಡೀ ದುಡಿದ ಹುಡುಗ ಹುಡುಗಿಯರಿಗೆ ಇದು ಅವಮಾನವಲ್ಲ, ಅವರ ಕೆಲಸಕ್ಕೆ ಕೊಡುವ ಮರ್ಯಾದೆ.

ಮೊದಲ ತಂಡ: ಕಣ್ಣಿನ ಒಳಪದರವಾದ ರೆಟಿನಾದ ಫೋಟೋ ನೋಡಿ ಸಕ್ಕರೆ ಕಾಯಿಲೆಯ ಹಾನಿ ಗುರುತಿಸುವ ಪ್ರೋಗ್ರಾಂ

ಈ ಹಾನಿ ಶುರುವಾದಾಗ ಎಷ್ಟೋ ಜನರಿಗೆ ದೃಷ್ಟಿಯಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಹಾಗಾದರೆ ಅವರು ಪರೀಕ್ಷೆಗೆ ಯಾಕೆ ಬರುತ್ತಾರೆ? ಅವರನ್ನು ತಲುಪಲು ನಿಮ್ಮ ಪ್ರೋಗ್ರಾಂ ಏನು ಮಾಡುತ್ತದೆ?

ಶೇಕಡಾ 95 ಸರಿ ಅಂದಿರಿ. ನೂರು ಜನರಲ್ಲಿ 5 ಜನರಿಗೆ ಮಾತ್ರ ಹಾನಿ ಇದೆ ಅಂದುಕೊಳ್ಳಿ. "ಯಾರಿಗೂ ಏನೂ ಇಲ್ಲ" ಅಂತ ಹೇಳುತ್ತಾ ಹೋದರೂ 95 ಸಲ ಸರಿಯೇ ಆಗುತ್ತದೆ, ಅಲ್ವಾ? ನಿಜವಾಗಿ ಹಾನಿ ಇರುವವರಲ್ಲಿ ಎಷ್ಟು ಜನರನ್ನು ಹಿಡಿದಿರಿ? ಚೆನ್ನಾಗಿರುವ ಎಷ್ಟು ಜನರನ್ನು ಹೆದರಿಸಿದಿರಿ? ಎರಡರಲ್ಲಿ ಯಾವ ತಪ್ಪು ಜಾಸ್ತಿ ಕೆಟ್ಟದ್ದು, ಯಾಕೆ?

ಇವತ್ತಿನ ಪ್ರಶ್ನೆಗಳಲ್ಲಿ ಇದೇ ಮುಖ್ಯವಾದದ್ದು. ಸಮಯ ಕಡಿಮೆ ಇದ್ದರೆ ಉಳಿದದ್ದು ಬಿಟ್ಟು ಇದನ್ನೇ ಕೇಳಿ.

ಫೋಟೋ ಮಸುಕಾಗಿದ್ದರೆ ಪ್ರೋಗ್ರಾಂ "ನನಗೆ ಗೊತ್ತಾಗುತ್ತಿಲ್ಲ" ಅನ್ನುತ್ತದಾ, ಇಲ್ಲ ಏನೋ ಒಂದು ಉತ್ತರ ಕೊಟ್ಟುಬಿಡುತ್ತದಾ?

ಎರಡನೇ ತಂಡ: ಹಾರುಬೂದಿ ಬೆರೆಸಿದ ಕಾಂಕ್ರೀಟ್

ಸಿಮೆಂಟ್ ಮಾಡುವಾಗ ಸುಣ್ಣದ ಕಲ್ಲನ್ನು ಕಾಯಿಸುತ್ತಾರೆ, ಆ ಕಲ್ಲಿನಿಂದಲೇ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ ಅಂದಿರಿ. ಬೂದಿ ಬೆರೆಸಿದರೆ ಅದು ಎಷ್ಟು ಕಡಿಮೆಯಾಗುತ್ತದೆ?

ಬೂದಿ ಇರುವ ಕಾಂಕ್ರೀಟ್ ಬಲ ಪಡೆಯಲು ನಿಧಾನ. 28 ದಿನಕ್ಕೆ ಪರೀಕ್ಷೆ ಮಾಡಿದ್ದೀರಿ, ಸರಿ. ಆದರೆ ಕಟ್ಟಡದ ಕೆಲಸದಲ್ಲಿ ಮೊದಲ ವಾರವೇ ಮುಖ್ಯ ಆದಾಗ ಏನು ಮಾಡಬೇಕು? ಸೆಂಟ್ರಿಂಗ್ ಬಿಚ್ಚಲು ಎಷ್ಟು ದಿನ ಕಾಯಬೇಕು?

ಈ ಬೂದಿ ಬರುವುದು ಕಲ್ಲಿದ್ದಲು ಉರಿಸುವುದರಿಂದ. ಕಲ್ಲಿದ್ದಲು ಬಳಕೆ ಕಡಿಮೆಯಾದರೆ ನಿಮ್ಮ ಕೆಲಸದಲ್ಲಿ ಏನು ಉಳಿಯುತ್ತದೆ?

ಮೂರನೇ ತಂಡ: ಬಚ್ಚಲ ನೀರನ್ನು ಗಿಡಗಳ ಬೇರಿನಲ್ಲಿ ಶುದ್ಧಗೊಳಿಸುವುದು

ಕೊಳೆಯನ್ನು ತಿನ್ನುವುದು ಗಿಡವಾ, ಬೇರಿನ ಸುತ್ತ ಇರುವ ಸೂಕ್ಷ್ಮಜೀವಿಗಳಾ?

ಹೊರಬಂದ ನೀರನ್ನು ಯಾವುದಕ್ಕೆ ಬಳಸಬಹುದು? ಯಾವುದಕ್ಕೆ ಖಂಡಿತ ಬಳಸಬಾರದು? ಮನೆಯವರು ಊರಿಗೆ ಹೋಗಿ ಒಂದು ತಿಂಗಳು ನೀರೇ ಬರದಿದ್ದರೆ ಇದು ಮತ್ತೆ ಕೆಲಸ ಮಾಡುತ್ತದಾ?