ಸೈಬರ್‌ಪಂಕ್ 2077: ಈಗ ಕೊಳ್ಳಬಹುದೇ?

ಗೆಳೆಯರೇ, ರಿಯಾಯಿತಿ ಬೆಲೆಗೆ ಸಿಕ್ಕರೆ ಸೈಬರ್‌ಪಂಕ್ 2077 ಎಂಬ ವಿಡಿಯೊ ಗೇಮನ್ನು ಕೊಳ್ಳಬಹುದೇ ಎಂದು ನಿಮ್ಮಲ್ಲಿ ಮೂವರು ಕೇಳಿದ್ದೀರಿ. ಮುಖ್ಯ ಕಥೆಯನ್ನೂ ಬಹುಪಾಲು ಸೈಡ್ ಮಿಷನ್‌ಗಳನ್ನೂ ಮುಗಿಸಲು ನನಗೆ ಸುಮಾರು 70 ಗಂಟೆ ಹಿಡಿಯಿತು. ಆಡಿದ್ದು ಲ್ಯಾಪ್‌ಟಾಪಿನಲ್ಲಿ, ಆಟವನ್ನು ತಿದ್ದಿ ಸುಧಾರಿಸಿದ 2.0 ಪ್ಯಾಚ್ ಬಂದ ಮೇಲಿನ ಆವೃತ್ತಿಯನ್ನು. 2020ರ ಡಿಸೆಂಬರ್ 10ರಂದು ಬಿಡುಗಡೆಯಾದಾಗ ನಾನು ಇದನ್ನು ಆಡಿರಲಿಲ್ಲ. ಆದ್ದರಿಂದ ಅಂದಿನ ಸ್ಥಿತಿಯ ಬಗ್ಗೆ ಕೆಳಗೆ ಬರುವುದು ಆಗ ಎಲ್ಲೆಡೆ ವರದಿಯಾದ ಸಂಗತಿಯೇ ಹೊರತು ನನ್ನ ಅನುಭವವಲ್ಲ. ಕಥೆಯ ಮೊದಲ ಅಂಕದ ತಿರುವುಗಳನ್ನು ಇಲ್ಲಿ ಹೇಳಿದ್ದೇನೆ, ಮುಕ್ತಾಯಗಳನ್ನು ಹೇಳಿಲ್ಲ.

ಕಥೆಯಿಂದ ಆರಂಭಿಸುತ್ತೇನೆ, ಏಕೆಂದರೆ ಈ ಗೇಮ್ ನನ್ನ ಮನಸ್ಸಿನಲ್ಲಿ ಉಳಿದಿರುವುದು ಕಥೆಯಿಂದಲೇ. ನೈಟ್ ಸಿಟಿ ಎಂಬ ನಗರದಲ್ಲಿ ದುಡ್ಡಿಗಾಗಿ ಅಪಾಯದ ಕೆಲಸ ಮಾಡುವ ವಿ ಎಂಬ ಪಾತ್ರ ನಮ್ಮದು. ಜೊತೆಗಾರ ಜ್ಯಾಕಿ ವೆಲ್ಸ್‌ನೊಂದಿಗೆ ಕೊನ್‌ಪೆಕಿ ಪ್ಲಾಜಾ ಹೋಟೆಲಿನಲ್ಲಿ ಒಂದು ಚಿಪ್ ಕದಿಯಲು ಹೋದಾಗ ಎಲ್ಲವೂ ಕೆಡುತ್ತದೆ, ಜ್ಯಾಕಿ ಸಾಯುತ್ತಾನೆ, ಚಿಪ್ ವಿಯ ತಲೆಯೊಳಗೇ ಉಳಿಯುತ್ತದೆ. ಅದರಲ್ಲಿರುವುದು ಜಾನಿ ಸಿಲ್ವರ್‌ಹ್ಯಾಂಡ್ ಎಂಬ, ಎಂದೋ ಸತ್ತ ರಾಕ್ ಗಾಯಕನ ಮನಸ್ಸು. ಅದು ದಿನದಿಂದ ದಿನಕ್ಕೆ ವಿಯನ್ನು ಅಳಿಸಿಹಾಕಿ ಆ ಜಾಗದಲ್ಲಿ ತಾನು ನೆಲೆಯೂರುತ್ತದೆ. ಕಿಯಾನು ರೀವ್ಸ್ ನಟಿಸಿರುವ ಈ ಜಾನಿ ಮೊದಲು ಸಹಿಸಲಾಗದ ಅಹಂಕಾರಿ. ಆದರೆ ಬರಬರುತ್ತಾ ಅವನ ಮಾತಿಗೆ ಉತ್ತರವಾಗಿ ಯಾವ ಸಾಲನ್ನು ಆರಿಸಬೇಕೆಂದು ನಾನು ನಿಜವಾಗಿಯೂ ಯೋಚಿಸತೊಡಗಿದೆ. ಒಂದೇ ದೇಹದಲ್ಲಿ ಇಬ್ಬರು ಒಬ್ಬರನ್ನೊಬ್ಬರು ಅರಿಯುತ್ತಾ ಹೋಗುವ ಈ ಎಳೆಯನ್ನು ಬರಹಗಾರರು ಎಲ್ಲಿಯೂ ಕೈಬಿಟ್ಟಿಲ್ಲ.

ಸೈಡ್ ಮಿಷನ್‌ಗಳಲ್ಲಿ ಒಂದನ್ನು ಹೇಳಲೇಬೇಕು. ಜೂಡಿ ಎಂಬಾಕೆ ತಾನು ಬಾಲ್ಯ ಕಳೆದ, ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಊರಿಗೆ ವಿಯನ್ನು ಕರೆದೊಯ್ಯುತ್ತಾಳೆ. ಇಬ್ಬರೂ ಡೈವಿಂಗ್ ಉಡುಪು ತೊಟ್ಟು ನೀರಿಗಿಳಿಯುತ್ತಾರೆ. ಅವಳ ನೆನಪು, ಭಾವನೆಗಳು ವಿಗೂ ತಲುಪುವಂತೆ ಇಬ್ಬರ ಮನಸ್ಸುಗಳನ್ನು ಜೋಡಿಸಲಾಗಿರುತ್ತದೆ. ಟಾರ್ಚಿನ ಬೆಳಕಿನಲ್ಲಿ ಪಾಚಿಗಟ್ಟಿದ ಗೋಡೆಗಳು ಒಂದೊಂದಾಗಿ ಎದುರಾಗುತ್ತವೆ, ಕೊನೆಗೆ ಅವಳ ಬಾಲ್ಯದ ಚರ್ಚ್ ಬರುತ್ತದೆ. ಅಷ್ಟು ಹೊತ್ತೂ ಒಂದು ಗುಂಡೂ ಹಾರುವುದಿಲ್ಲ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಮಾತು ಕೇಳುತ್ತಾ ಬೆಳೆದ ನನಗೆ, ಆ ಮಿಷನ್ ಮುಗಿದ ಮೇಲೆ ಅಂದು ಮತ್ತೆ ಆಡಲು ಮನಸ್ಸಾಗಲಿಲ್ಲ.

ಇಷ್ಟು ಮೆಚ್ಚಿದವನು ಕಥೆಯ ಕೊರತೆಗಳನ್ನು ಮುಚ್ಚಿಡಬಾರದು. ಆರಂಭದಲ್ಲಿ ನೋಮ್ಯಾಡ್, ಸ್ಟ್ರೀಟ್‌ಕಿಡ್, ಕಾರ್ಪೋ ಎಂಬ ಮೂರು ಹಿನ್ನೆಲೆಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತೇವೆ. ಮೂರೂ ಸ್ವಲ್ಪ ಹೊತ್ತಿನಲ್ಲೇ ಒಂದೇ ದಾರಿಗೆ ಬಂದು ಸೇರುತ್ತವೆ. ಆಮೇಲೆ ಉಳಿಯುವುದು ಅಲ್ಲಲ್ಲಿ ಸಂಭಾಷಣೆಯ ಒಂದೊಂದು ಹೆಚ್ಚಿನ ಸಾಲು ಮಾತ್ರ. ಜ್ಯಾಕಿಯೊಂದಿಗಿನ ಆರು ತಿಂಗಳ ಗೆಳೆತನವನ್ನು ಆಡಿಸುವ ಬದಲು ಚಿಕ್ಕದೊಂದು ದೃಶ್ಯಮಾಲೆಯಲ್ಲಿ ತೋರಿಸಿ ಮುಗಿಸಿದ್ದಾರೆ. ಅವನ ಸಾವು ನಮ್ಮನ್ನು ಅಲುಗಿಸಬೇಕಾದರೆ ಆ ತಿಂಗಳುಗಳನ್ನು ನಾವೇ ಕಳೆದಿರಬೇಕಿತ್ತು. ಇನ್ನೊಂದು ತೊಡಕು: ಕೆಲವೇ ವಾರಗಳ ಆಯುಸ್ಸು ಉಳಿದಿದೆ ಎಂದು ವೈದ್ಯ ವಿಕ್ಟರ್ ಹೇಳಿದ ಮರುಗಳಿಗೆಯಲ್ಲೇ, ಕಾರು ಕೊಳ್ಳಿ, ಬಾಕ್ಸಿಂಗ್ ಪಂದ್ಯಕ್ಕೆ ಬನ್ನಿ ಎಂಬ ಫೋನ್ ಕರೆಗಳು ಬರತೊಡಗುತ್ತವೆ. ಓಪನ್ ವರ್ಲ್ಡ್ ಆಟಗಳಲ್ಲಿ ಇದು ಹೊಸದಲ್ಲ, ಆದರೆ ಸಾವಿನ ಗಡುವನ್ನೇ ಬೆನ್ನೆಲುಬಾಗಿಸಿಕೊಂಡ ಕಥೆಯಲ್ಲಿ ಇದು ಹೆಚ್ಚು ಚುಚ್ಚುತ್ತದೆ.

ದೃಶ್ಯದ ವಿಷಯದಲ್ಲಿ ಆಕ್ಷೇಪ ಕಡಿಮೆ. ಮಳೆ ನಿಂತ ಮೇಲೆ ಜಪಾನ್‌ಟೌನಿನ ಒದ್ದೆ ರಸ್ತೆಯಲ್ಲಿ ನಿಯಾನ್ ಫಲಕಗಳ ಬಣ್ಣ ಕದಡುವುದನ್ನು ನೋಡುತ್ತಾ ಮಿಷನ್ ಮರೆತು ನಿಂತದ್ದುಂಟು. ನಗರವನ್ನು ಮೇಲಕ್ಕೆ ಕಟ್ಟಿರುವ ರೀತಿಯೂ ಮೆಚ್ಚುವಂಥದ್ದು: ಮೇಲ್ಸೇತುವೆಯ ಕೆಳಗೆ ಸಂತೆ, ಅದರ ಕೆಳಗೆ ಇನ್ನೊಂದು ಓಣಿ. ಪಾತ್ರಗಳು ತಮ್ಮ ತಮ್ಮ ಭಾಷೆಯಲ್ಲಿ ಮಾತನಾಡುತ್ತವೆ, ಅನುವಾದ ಪರದೆಯ ಮೇಲೆ ಆಗಿಂದಾಗಲೇ ಮೂಡುತ್ತದೆ. ಬೆಂಗಳೂರಿನ ಬಸ್ಸಿನಲ್ಲಿ ನಾಲ್ಕು ಭಾಷೆ ಕೇಳಿಸಿಕೊಂಡು ಬದುಕುವ ನಮಗೆ ಅಂಥ ಊರು ಅಪರಿಚಿತ ಎನಿಸುವುದಿಲ್ಲ. ಆದರೆ ಬೀದಿಯಲ್ಲಿ ನಡೆಯುವ ಜನರ ಬಳಿ ಹೋದರೆ ಜೀವ ಕಾಣದು. ಎರಡು ಮಾತಿನ ಆಚೆಗೆ ಅವರಲ್ಲಿ ಏನೂ ಇಲ್ಲ, ಬಹುಪಾಲು ಬಾಗಿಲುಗಳು ತೆರೆಯುವುದೂ ಇಲ್ಲ. ಬೆಳಕು, ಪ್ರತಿಬಿಂಬಗಳನ್ನು ನಿಜದಂತೆ ತೋರಿಸುವ ರೇ ಟ್ರೇಸಿಂಗ್ ಇಲ್ಲದೆಯೂ ಆಟ ಸುಂದರವಾಗಿಯೇ ಕಾಣುತ್ತದೆ, ಅದಕ್ಕಾಗಿ ಹೊಸ ಗ್ರಾಫಿಕ್ಸ್ ಕಾರ್ಡಿಗೆ ಸಾಲ ಮಾಡಬೇಡಿ.

ಬಗ್‌ಗಳ ಬಗ್ಗೆ ಎರಡು ಕಾಲವನ್ನು ಬೇರ್ಪಡಿಸಿ ಹೇಳುವುದು ನ್ಯಾಯ. ಬಿಡುಗಡೆಯಾದಾಗ ಪಿಎಸ್4 ಮತ್ತು ಎಕ್ಸ್‌ಬಾಕ್ಸ್ ಒನ್‌ನಲ್ಲಿ ಆಟ ಎಷ್ಟು ಕೆಟ್ಟದಾಗಿ ನಡೆಯುತ್ತಿತ್ತೆಂದರೆ, ಸುಮಾರು ಒಂದು ವಾರದಲ್ಲೇ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದುಹಾಕಿ ಹಣ ಹಿಂದಿರುಗಿಸಲು ಮುಂದಾಯಿತು. ಅದು ಮತ್ತೆ ಮಾರಾಟಕ್ಕೆ ಬಂದದ್ದು 2021ರ ಜೂನ್‌ನಲ್ಲಿ. ಪಿಸಿಯಲ್ಲಿ, ಆಡಿದಷ್ಟನ್ನು ಉಳಿಸಿಡುವ ಸೇವ್ ಫೈಲ್ 8 ಎಂಬಿ ದಾಟಿದರೆ ಕೆಡಬಹುದಿತ್ತು. ಹತ್ತಾರು ಗಂಟೆಯ ಶ್ರಮವನ್ನೇ ನುಂಗುವ ಇಂಥ ದೋಷವನ್ನೂ, ಒಬ್ಬ ದಾರಿಹೋಕ ಗೋಡೆಯೊಳಗೆ ಸಿಕ್ಕಿಕೊಳ್ಳುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆಗ ಪೂರ್ತಿ ಬೆಲೆ ಕೊಟ್ಟವರ ಸಿಟ್ಟು ಸರಿಯಾದದ್ದೇ; ಆಮೇಲೆ ದುರಸ್ತಿಯಾಯಿತೆಂಬ ಕಾರಣಕ್ಕೆ ಅದನ್ನು ಮರೆಯಬೇಕಾಗಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಬಂದ 2.0 ಪ್ಯಾಚ್, ಪಾತ್ರಕ್ಕೆ ಹೊಸ ಸಾಮರ್ಥ್ಯ ಕೊಡುವ ಪರ್ಕ್‌ಗಳ ವ್ಯವಸ್ಥೆಯನ್ನೇ ಬದಲಿಸಿತು. ಹಿಂದೆ ಬೆನ್ನ ಹಿಂದೆ ಶೂನ್ಯದಿಂದ ಮೂಡುತ್ತಿದ್ದ ಪೊಲೀಸರು ಈಗ ವಾಹನಗಳಲ್ಲಿ ಬೆನ್ನಟ್ಟಿ ಬರುತ್ತಾರೆ. ನಾನು ಕಂಡ ಬಗ್‌ಗಳು ಚಿಕ್ಕವು: ಮಾತಿನ ನಡುವೆ ಫೋನ್ ಕರೆ ಬಂದು ಎರಡೂ ಧ್ವನಿಗಳು ಕಲೆಸಿಹೋದದ್ದು, ಮೇಜಿಗಿಂತ ಒಂದು ಗೇಣು ಮೇಲೆ ಲೋಟ ತೇಲಿದ್ದು. ಯಾವ ಮಿಷನ್ನೂ ನಿಂತುಹೋಗಲಿಲ್ಲ.

ಒಂದು ದೋಷವನ್ನು ನನ್ನ ಪಟ್ಟಿಯಿಂದ ಹೊಡೆದುಹಾಕಿದ್ದೇನೆ. ಮೊದಲ ಎರಡು ದಿನ ಕಾರಿನಲ್ಲಿ ವೇಗವಾಗಿ ಹೋದಾಗ ಕಟ್ಟಡಗಳು ಸುಣ್ಣ ಬಳಿದ ಗೋಡೆಯಂತೆ ಬೋಳಾಗಿ ಕಾಣುತ್ತಿದ್ದವು, ವಿವರಗಳು ತಡವಾಗಿ ಮೂಡುತ್ತಿದ್ದವು. ಅದನ್ನು ಬಗ್ ಎಂದೇ ಬರೆದಿಟ್ಟುಕೊಂಡಿದ್ದೆ. ಆಮೇಲೆ ನೋಡಿದರೆ ನಾನು ಗೇಮನ್ನು ಹಳೆಯ ಹಾರ್ಡ್ ಡಿಸ್ಕಿನಲ್ಲಿ ಹಾಕಿದ್ದೆ; 2.0ರಿಂದ ಕನಿಷ್ಠ ಅಗತ್ಯಗಳ ಪಟ್ಟಿಯಲ್ಲೇ ಹಾರ್ಡ್ ಡಿಸ್ಕಿಗಿಂತ ವೇಗದ ಎಸ್‌ಎಸ್‌ಡಿ ಇದೆ. ಅಲ್ಲಿಗೆ ವರ್ಗಾಯಿಸಿದೊಡನೆ ತೊಂದರೆ ಹೋಯಿತು. ಅದು ಆಟದ ತಪ್ಪಲ್ಲ.

ಹಾಗಾದರೆ ಕೊಳ್ಳಬೇಕೇ? ಎಸ್‌ಎಸ್‌ಡಿ ಇರುವ ಪಿಸಿ ಅಥವಾ ಪಿಎಸ್5 ಇದ್ದವರು, ಕಥೆಗಾಗಿ ಆಡುವವರು, ರಿಯಾಯಿತಿ ಬಂದಾಗ ಖಂಡಿತ ಕೊಳ್ಳಿ. ಪಿಎಸ್4 ಮಾತ್ರ ಇರುವವರಿಗೆ ಬೇಡ, 2.0 ಪ್ಯಾಚ್ ಆ ಕನ್ಸೋಲಿಗೆ ಬರಲೇ ಇಲ್ಲ, ಹಾಗಾಗಿ ಇಲ್ಲಿ ನಾನು ಹೊಗಳಿದ್ದರಲ್ಲಿ ಹಲವು ನಿಮಗೆ ಸಿಗುವುದಿಲ್ಲ. ಹಿಂಸೆ, ನಗ್ನತೆ ಎರಡೂ ಇವೆ, ಮನೆಯಲ್ಲಿ ಮಕ್ಕಳಿದ್ದರೆ ಅವರ ಮುಂದೆ ಆಡಬೇಡಿ. ಆಡುವವರಿಗೆ ಒಂದು ಮಾತು: ಎಂಬರ್ಸ್ ಎಂಬ ಜಾಗದಲ್ಲಿ ಹನಾಕೊ ಎಂಬಾಕೆಯನ್ನು ಕಾಣುವ ಮಿಷನ್ ಬಂದಾಗ ಅವಸರಪಡಬೇಡಿ. ಅದರಾಚೆಗೆ ಕಥೆ ನೇರವಾಗಿ ಮುಕ್ತಾಯಕ್ಕೆ ಸಾಗುತ್ತದೆ. ಕಥೆಯಲ್ಲಿ ಸಿಗುವ ಪಾನಮ್ ಎಂಬಾಕೆಯ ಮತ್ತು ಜಾನಿಯ ಮಿಷನ್‌ಗಳನ್ನು ಮೊದಲೇ ಮುಗಿಸಿಕೊಂಡಿದ್ದರೆ ಮಾತ್ರ ಕೊನೆಯಲ್ಲಿ ಹೆಚ್ಚಿನ ದಾರಿಗಳು ತೆರೆಯುತ್ತವೆ, ಹಾಗಾಗಿ ಅಲ್ಲಿಗೆ ಹೋಗುವ ಮುನ್ನ ಬೇರೆಯದೇ ಒಂದು ಸೇವ್ ಇಟ್ಟುಕೊಳ್ಳಿ.