ಬಿಡುಗಡೆ ಸಾರಾಂಶ ಮತ್ತು ಮುಂದಿನ ಆರೈಕೆಯ ಯೋಜನೆ

ಗೆ: ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮಾನಸಿಕ ಆರೋಗ್ಯ ಚಿಕಿತ್ಸಾಲಯ, ಆಳಂದ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ, ಕಲಬುರಗಿ
ಪ್ರತಿ: ರೋಗಿಯ ಊರಿನ ಸಮುದಾಯ ಆರೋಗ್ಯ ಅಧಿಕಾರಿ

ರೋಗಿ: ಪುರುಷ, 23 ವರ್ಷ, ಅವಿವಾಹಿತ, ಐಟಿಐ ಓದಿದವರು, ಕಲಬುರಗಿಯ ಬೇಳೆ ಗಿರಣಿಯೊಂದರಲ್ಲಿ ಕೆಲಸ. ಹೆಸರು, ವಿಳಾಸ ಮತ್ತು ಫೋನ್ ಸಂಖ್ಯೆ ಅಕ್ಕನ ಕೈಯಲ್ಲಿರುವ ಹೊರರೋಗಿ ಪುಸ್ತಕದಲ್ಲಿವೆ.
ದಾಖಲು: 6 ಜನವರಿ 2025. ಬಿಡುಗಡೆ: 29 ಜನವರಿ 2025.
ರೋಗನಿರ್ಣಯ: ಮೊದಲ ಬಾರಿಯ ಸೈಕೋಸಿಸ್, ತಾತ್ಕಾಲಿಕವಾಗಿ ಐಸಿಡಿ-10ರ ಎಫ್ 29.

ದಾಖಲಾದ ಬಗೆ

2024ರ ಸೆಪ್ಟೆಂಬರ್ ಕೊನೆಯಿಂದ ನಿದ್ದೆ ಕಡಿಮೆಯಾಗಿ, ಗಿರಣಿಯ ಜೊತೆಗಾರರು ತಮ್ಮ ಊಟಕ್ಕೆ ಏನೋ ಬೆರೆಸುತ್ತಿದ್ದಾರೆ ಎಂಬ ಸಂಶಯ ಬಲವಾಯಿತು. ನವೆಂಬರ್ ಹೊತ್ತಿಗೆ ಇಬ್ಬರು ಗಂಡಸರು ತಮ್ಮ ಬಗ್ಗೆ ಪರಸ್ಪರ ಮಾತಾಡಿಕೊಳ್ಳುವ ಧ್ವನಿ ಹಗಲಿರುಳು ಕೇಳಿಸತೊಡಗಿತು. "ನನ್ನ ತಲ್ಯಾಗಿನ ಮಾತು ಗಿರಣ್ಯಾಗಿನ ಮಂದಿಗೆಲ್ಲಾ ಕೇಳಸ್ತದ" ಎಂದು ಹೇಳಿ ಕೆಲಸ ಬಿಟ್ಟು ಊರಿಗೆ ಬಂದವರು ಕಿವಿಗೆ ಹತ್ತಿ ತುರುಕಿಕೊಂಡು ಕೋಣೆಯಲ್ಲೇ ಇರುತ್ತಿದ್ದರು. ಅಕ್ಕ ಮೊದಲು ಒಂದು ಗುಟುಕು ಕುಡಿದು ತೋರಿಸದ ಹೊರತು ತಂಬಿಗೆಯ ನೀರನ್ನೂ ಮುಟ್ಟುತ್ತಿರಲಿಲ್ಲ. ಡಿಸೆಂಬರ್ ಕೊನೆಯ ವಾರ ಧ್ವನಿಯ ಮಾತಿಗೆ ಬಾವಿಯ ಕಟ್ಟೆ ಹತ್ತಿದ್ದಾಗ ಅಕ್ಕ ಎಳೆದು ತಂದಿದ್ದಾರೆ.

ಮನೆಯವರು ಅವರನ್ನು ಮೊದಲು ಗಾಣಗಾಪುರಕ್ಕೆ ಕರೆದೊಯ್ದಿದ್ದರು. ಬಳಿಕ ಜನವರಿ 4ರಂದು ಒಂದು ಖಾಸಗಿ ದವಾಖಾನೆಯಲ್ಲಿ ಚೀಟಿ ಇಲ್ಲದೆ ಒಂದು ಇಂಜೆಕ್ಷನ್ ಕೊಡಿಸಲಾಯಿತು. ಮರುದಿನ ರಾತ್ರಿ ಕುತ್ತಿಗೆ ಒಂದು ಕಡೆ ತಿರುಚಿ, ದವಡೆ ಬಿಗಿದುಕೊಂಡಿತು. ದಾಖಲಾತಿಯ ವೇಳೆ ನಾವು ಕಂಡದ್ದೂ ಅದನ್ನೇ. ಪ್ರೋಮೆಥಜೈನ್ ಇಂಜೆಕ್ಷನ್ ಕೊಟ್ಟ ಅರ್ಧ ಗಂಟೆಯೊಳಗೆ ಬಿಗಿತ ಸಡಿಲವಾಯಿತು. ಕೊಟ್ಟಿದ್ದ ಔಷಧ ಯಾವುದೆಂದು ದಾಖಲೆ ಇಲ್ಲ, ಆದರೆ ಹ್ಯಾಲೊಪೆರಿಡಾಲ್ ತರಹದ್ದೇ ಇರಬೇಕೆಂಬುದು ನಮ್ಮ ಅಂದಾಜು. ಕುತ್ತಿಗೆ ತಿರುಚಿದ್ದನ್ನು ತಾಯಿ ಈಗಲೂ ದೆವ್ವದ ಹಿಡಿತವೆಂದೇ ನಂಬಿದ್ದಾರೆ, ರೋಗಿಗೆ ಸೂಜಿ ಎಂದರೆ ಭಯ. ಆದ್ದರಿಂದ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ನಿನ ಮಾತನ್ನು ಸದ್ಯಕ್ಕೆ ಎತ್ತಬೇಡಿ. ತುರ್ತಿನಲ್ಲೂ ಹ್ಯಾಲೊಪೆರಿಡಾಲನ್ನು ಒಂಟಿಯಾಗಿ ಕೊಡಬೇಡಿ.

ಹಿನ್ನೆಲೆ ಮತ್ತು ಪರೀಕ್ಷೆಗಳು

ಎರಡು ವರ್ಷ ಪುಣೆಯಲ್ಲಿ ದುಡಿಯುತ್ತಿದ್ದಾಗ ವಾರಕ್ಕೆರಡು ಬಾರಿ ಗಾಂಜಾ ಸೇದುತ್ತಿದ್ದರು, ಕಲಬುರಗಿಗೆ ಬಂದ ಮೇಲೂ ಆಗೀಗ ಸೇದಿದ್ದುಂಟು. ಕೊನೆಯದಾಗಿ ಡಿಸೆಂಬರ್ ಮೊದಲ ವಾರ. ದಾಖಲಾತಿಯ ಮೂತ್ರ ಪರೀಕ್ಷೆಯಲ್ಲಿ ಗಾಂಜಾ ಕಂಡುಬಂದಿಲ್ಲ. ಸೋದರಮಾವ ಹಲವು ವರ್ಷ ಮನೆಬಿಟ್ಟು ಅಲೆದವರು, ಅವರಿಗೆ ಚಿಕಿತ್ಸೆ ಆಗಿಲ್ಲ. ಜ್ವರ, ಮೂರ್ಛೆ, ತಲೆಗೆ ಪೆಟ್ಟು ಇಲ್ಲ. ಮೆದುಳಿನ ಸಿಟಿ, ಇಸಿಜಿ, ಥೈರಾಯ್ಡ್, ಯಕೃತ್ತಿನ ಮತ್ತು ಮೂತ್ರಪಿಂಡದ ಪರೀಕ್ಷೆ, ಎಚ್‌ಐವಿ, ವಿಡಿಆರ್‌ಎಲ್ ಯಾವುದರಲ್ಲೂ ದೋಷವಿಲ್ಲ. ಬಿ 12 ಕಡಿಮೆಯಿದ್ದುದರಿಂದ ಮಾತ್ರೆ ಆರಂಭಿಸಲಾಗಿದೆ, ಆದರೆ ಅದೊಂದೇ ಈ ಚಿತ್ರಕ್ಕೆ ಕಾರಣವೆಂದು ನಮಗೆ ಅನಿಸಿಲ್ಲ.

ಲಕ್ಷಣಗಳು ಒಂದು ತಿಂಗಳು ದಾಟಿದ್ದು, ಧ್ವನಿಗಳ ಸ್ವರೂಪ ನೋಡಿದರೆ ಸ್ಕಿಜೋಫ್ರೇನಿಯಾ ಎಂದೇ ಬರೆಯಬಹುದಿತ್ತು. ಗಾಂಜಾ ಬಿಟ್ಟು ಇನ್ನೂ ಎರಡು ತಿಂಗಳೂ ಆಗಿಲ್ಲವಾದ್ದರಿಂದ, 23ರ ಯುವಕನ ಕಾಗದದ ಮೇಲೆ ಆ ಹೆಸರನ್ನು ಈಗಲೇ ಬರೆಯಲು ನಾವು ಒಪ್ಪಲಿಲ್ಲ. ಜುಲೈ ತಿಂಗಳಲ್ಲಿ ರೋಗನಿರ್ಣಯವನ್ನು ಮತ್ತೆ ನೋಡಬೇಕು. ಮನೆಯವರು ಅಂಗವಿಕಲ ಪ್ರಮಾಣಪತ್ರ ಕೇಳಿದ್ದಾರೆ, ಈ ಹಂತದಲ್ಲಿ ಅದು ಅಕಾಲಿಕ.

ವಾರ್ಡಿನಲ್ಲಿ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 89ನೇ ಕಲಂ ಪ್ರಕಾರ, ನಾಮನಿರ್ದೇಶಿತ ಪ್ರತಿನಿಧಿಯಾದ ಅಕ್ಕನ ಕೋರಿಕೆಯ ಮೇಲೆ ದಾಖಲಿಸಿಕೊಳ್ಳಲಾಯಿತು. ಜನವರಿ 18ರ ಪರೀಕ್ಷೆಯಲ್ಲಿ ಚಿಕಿತ್ಸೆಯ ಬಗ್ಗೆ ತಾವೇ ನಿರ್ಧರಿಸುವ ಸಾಮರ್ಥ್ಯ ಮರಳಿದ್ದು ಕಂಡು, ಮರುದಿನದಿಂದ ಅವರ ಸ್ವಂತ ಒಪ್ಪಿಗೆಯ ದಾಖಲಾತಿಯಾಗಿ ಬದಲಿಸಲಾಯಿತು.

ಜನವರಿ 7ರಿಂದ ರಿಸ್ಪೆರಿಡೋನ್ 1 ಮಿ.ಗ್ರಾಂ., ನಂತರ ಹಂತಹಂತವಾಗಿ 4 ಮಿ.ಗ್ರಾಂ. ವರೆಗೆ ಏರಿಸಿದಾಗ ಕೈ ನಡುಗಿ ನಡಿಗೆ ಬಿಗಿಯಾದದ್ದರಿಂದ 3 ಮಿ.ಗ್ರಾಂ.ಗೆ ಇಳಿಸಿ ಟ್ರೈಹೆಕ್ಸಿಫೆನಿಡಿಲ್ ಸೇರಿಸಲಾಯಿತು. ನಿದ್ದೆಗೆ ಕೊಟ್ಟಿದ್ದ ಲೋರಾಜೆಪಾಮ್ ಜನವರಿ 20ಕ್ಕೆ ನಿಂತಿದೆ. ಬಿಪಿಆರ್‌ಎಸ್ ಅಂಕ 58ರಿಂದ 31ಕ್ಕೆ ಬಂದಿದೆ. ಧ್ವನಿ ಪೂರ್ತಿ ನಿಂತಿಲ್ಲ. "ಬ್ಯಾರೆ ಊರಾಗಿನ ಮೈಕಿನಂಗ ಕೇಳಸ್ತಾವ" ಎನ್ನುತ್ತಾರೆ, ಮಾತಿಗೆ ಬಗ್ಗುವುದಿಲ್ಲ. ತಮಗೆ ಆದದ್ದು ಕಾಯಿಲೆ ಎಂದು ಅರ್ಧ ಒಪ್ಪುತ್ತಾರೆ. ಆತ್ಮಹತ್ಯೆಯ ಯೋಚನೆ ಈಗ ಇಲ್ಲ. ಬಿಡುಗಡೆಯ ತೂಕ 57 ಕೆ.ಜಿ., ದಾಖಲಾತಿಯಲ್ಲಿ 54. ಸೊಂಟದ ಸುತ್ತಳತೆ 74 ಸೆಂ.ಮೀ., ರಕ್ತದೊತ್ತಡ 112/70, ಖಾಲಿಹೊಟ್ಟೆಯ ಸಕ್ಕರೆ 92, ಕೊಬ್ಬಿನಂಶ ಸರಿಯಿದೆ.

ಮನೆಗೆ ಕೊಟ್ಟ ಔಷಧ

ರಿಸ್ಪೆರಿಡೋನ್ 2 ಮಿ.ಗ್ರಾಂ. ಮಾತ್ರೆ ರಾತ್ರಿ ಒಂದೂವರೆ. ಟ್ರೈಹೆಕ್ಸಿಫೆನಿಡಿಲ್ 2 ಮಿ.ಗ್ರಾಂ. ಬೆಳಿಗ್ಗೆ ಒಂದು, ಬಿ 12 ಮಾತ್ರೆ ದಿನಕ್ಕೊಂದು. 14 ದಿನಕ್ಕೆ ಸಾಕಾಗುವಷ್ಟು ಕೊಟ್ಟಿದ್ದೇವೆ. ಅರ್ಧ ಮಾಡುವ ಮಾತ್ರೆಗಳನ್ನು ಅಕ್ಕ ಬ್ಲೇಡಿನಿಂದ ಕತ್ತರಿಸಿ ನಮ್ಮೆದುರೇ ತೋರಿಸಿದ್ದಾರೆ, ಅವರಿಗೆ ಅರ್ಥವಾಗಿದೆ.

ಮುಂದಿನ ಆರೈಕೆ

ಫೆಬ್ರವರಿ 1ರೊಳಗೆ ಸಮುದಾಯ ಆರೋಗ್ಯ ಅಧಿಕಾರಿ ಆಶಾ ಕಾರ್ಯಕರ್ತೆಯೊಂದಿಗೆ ಒಮ್ಮೆ ಮನೆಗೆ ಹೋಗಿ, ಉಳಿದ ಮಾತ್ರೆಗಳನ್ನು ಎಣಿಸಿ, ತೊಗರಿಗೆ ಹೊಡೆಯುವ ಔಷಧದ ಡಬ್ಬಿಗಳು ಚಿಕ್ಕಪ್ಪನ ಮನೆಯ ಕಪಾಟಿನಲ್ಲಿ ಬೀಗದೊಳಗಿವೆಯೇ ಎಂದು ಕಣ್ಣಾರೆ ನೋಡಬೇಕು. ಇದು ಔಪಚಾರಿಕ ಮಾತಲ್ಲ. ಕಾಯಿಲೆ ಇಳಿದು ಆದದ್ದೆಲ್ಲ ನೆನಪಾಗುವ ಮುಂದಿನ ವಾರಗಳಲ್ಲೇ ಮಂಕು ಮತ್ತು ಆತ್ಮಹತ್ಯೆಯ ಭಯ ಹೆಚ್ಚು. ಆ ವಿಷಯವನ್ನು ಪ್ರತಿ ಭೇಟಿಯಲ್ಲೂ ನೇರವಾಗಿ ಕೇಳಿ.

ತಾಲ್ಲೂಕು ಚಿಕಿತ್ಸಾಲಯದ ಭೇಟಿಗಳು ಫೆಬ್ರವರಿ 4, ಫೆಬ್ರವರಿ 18, ಮಾರ್ಚ್ 4, ಏಪ್ರಿಲ್ 1, ನಂತರ ತಿಂಗಳಿಗೊಮ್ಮೆ. ಫೆಬ್ರವರಿ 4ಕ್ಕೆ ಬಾರದಿದ್ದರೆ ಅದೇ ದಿನ ಅಕ್ಕನಿಗೆ ಫೋನ್ ಮಾಡಿ, ಎರಡು ದಿನದಲ್ಲಿ ಮನೆಗೆ ಹೋಗಿ. ತೂಕ ಮತ್ತು ಸೊಂಟದಳತೆ ಪ್ರತಿ ಭೇಟಿಯಲ್ಲಿ, ಸಕ್ಕರೆ ಮತ್ತು ಕೊಬ್ಬಿನಂಶ ಏಪ್ರಿಲ್ 1ರಂದು. ನಡುಕ ಇಲ್ಲದಿದ್ದರೆ ಮಾರ್ಚ್‌ನಲ್ಲಿ ಟ್ರೈಹೆಕ್ಸಿಫೆನಿಡಿಲ್ ನಿಧಾನವಾಗಿ ಇಳಿಸಿ ನಿಲ್ಲಿಸಿ. ಲೈಂಗಿಕ ತೊಂದರೆಯ ಬಗ್ಗೆ ಅಕ್ಕನನ್ನು ಹೊರಗೆ ಕಳಿಸಿ ವಿಚಾರಿಸಿ, ತಾವಾಗಿ ಹೇಳುವ ಹುಡುಗನಲ್ಲ. ರಿಸ್ಪೆರಿಡೋನ್ ಅನ್ನು ಚೇತರಿಕೆಯ ನಂತರವೂ ಕನಿಷ್ಠ 1ರಿಂದ 2 ವರ್ಷ ಮುಂದುವರಿಸಬೇಕು. ಧ್ವನಿ ಏಪ್ರಿಲ್‌ವರೆಗೂ ಉಳಿದರೆ ಪ್ರಮಾಣ ಏರಿಸುವ ಬದಲು ಔಷಧ ಬದಲಿಸುವ ಕುರಿತು ನಮ್ಮೊಂದಿಗೆ ಮಾತಾಡಿ.

ಗಾಂಜಾದ ಮಾತು ತಾಯಿ ತಂದೆಗೆ ಗೊತ್ತಿಲ್ಲ, ಅದನ್ನು ರೋಗಿಯೊಬ್ಬರೊಂದಿಗೇ ಆಡಬೇಕು. ಗಿರಣಿಗೆ ಮಾರ್ಚ್‌ನಿಂದ ಅರ್ಧ ಪಾಳಿಗೆ ಹೋಗಬಹುದು, ರಾತ್ರಿಪಾಳಿ ಬೇಡ. ಮಾಲೀಕರಿಗೆ ಕಾಯಿಲೆಯ ಹೆಸರು ಹೇಳಲು ರೋಗಿ ಒಪ್ಪಿಲ್ಲ. ಮೇ ತಿಂಗಳಲ್ಲಿ ಮದುವೆ ಮಾಡಿದರೆ ಸರಿಹೋಗುತ್ತಾನೆಂದು ಮನೆಯಲ್ಲಿ ಮಾತು ನಡೆದಿದೆ. ಮದುವೆ ಇದಕ್ಕೆ ಮದ್ದಲ್ಲವೆಂದೂ, ಹುಡುಗಿಯ ಕಡೆಯವರಿಗೆ ಮುಚ್ಚಿಟ್ಟು ಮಾಡಿದರೆ ಔಷಧ ಮೊದಲ ವಾರವೇ ನಿಲ್ಲುತ್ತದೆಂದೂ ಒಮ್ಮೆ ಹೇಳಿದ್ದೇವೆ, ನೀವೂ ಹೇಳಬೇಕಾಗುತ್ತದೆ. ಗಾಣಗಾಪುರಕ್ಕೆ ಹೋಗುವುದನ್ನು ನಾವು ತಡೆದಿಲ್ಲ, ಮಾತ್ರೆಯನ್ನು ಜೊತೆಗೆ ಒಯ್ಯಲು ಹೇಳಿದ್ದೇವೆ.

ಎರಡು ರಾತ್ರಿ ನಿದ್ದೆಗೆಡುವುದು, ಮತ್ತೆ ಕಿವಿಗೆ ಹತ್ತಿ ಹಾಕುವುದು, ನೀರನ್ನು ಇನ್ನೊಬ್ಬರಿಗೆ ಕುಡಿಸಿ ನೋಡುವುದು: ಈ ಮೂರರಲ್ಲಿ ಒಂದು ಕಂಡರೂ ಮಂಗಳವಾರಕ್ಕೆ ಕಾಯದೆ ಕರೆತರಬೇಕು. ರಾತ್ರಿ ಹೊತ್ತಿಗೆ ಟೆಲಿ ಮಾನಸ್ 14416 ಸಂಖ್ಯೆಯನ್ನು ಪುಸ್ತಕದ ಮೇಲೆ ದೊಡ್ಡದಾಗಿ ಬರೆದಿದೆ. ಜೀವಕ್ಕೆ ಅಪಾಯವೆನಿಸಿದರೆ 108ಕ್ಕೆ ಕರೆ ಮಾಡಿ ನಮ್ಮ ತುರ್ತು ವಿಭಾಗಕ್ಕೆ ಬರಲಿ.

ಕರ್ತವ್ಯನಿರತ ಮನೋವೈದ್ಯರು
ಮನೋವೈದ್ಯಕೀಯ ವಿಭಾಗ, ಕಲಬುರಗಿ
29 ಜನವರಿ 2025