ತೊಳೆದ ಬೆರಳು, ತೊಳೆಯದ ಬೆರಳು: ನನ್ನ ಲ್ಯಾಬ್ ವಿದ್ಯಾರ್ಥಿಗಳಿಗೆ ಒಂದು ಪತ್ರ

ಪ್ರೀತಿಯ ವಿದ್ಯಾರ್ಥಿಗಳೇ,

ಕಳೆದ ಮಂಗಳವಾರ ನೀವೆಲ್ಲ ನ್ಯೂಟ್ರಿಯೆಂಟ್ ಅಗಾರ್ ಪ್ಲೇಟಿನ ಮೇಲೆ ಬೆರಳು ಒತ್ತಿದಿರಿ. ಒಂದು ಅರ್ಧಕ್ಕೆ ತೊಳೆಯದ ಬೆರಳು, ಇನ್ನೊಂದು ಅರ್ಧಕ್ಕೆ ತೊಳೆದ ಬೆರಳು. 37 ಡಿಗ್ರಿಯ ಇನ್‌ಕ್ಯುಬೇಟರ್‌ನಲ್ಲಿ ಒಂದು ದಿನ ಇಟ್ಟು ಬುಧವಾರ ತೆಗೆದು ನೋಡಿದೆವು. ಸುಮಾರು ಜನರ ಪ್ಲೇಟಿನಲ್ಲಿ ತೊಳೆದ ಕಡೆಯೇ ಕಾಲೋನಿಗಳು ಜಾಸ್ತಿ ಇದ್ದವು. ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು: "ಮೇಡಂ, ಹಾಗಾದ್ರೆ ಕೈ ತೊಳೆದು ಏನು ಪ್ರಯೋಜನ?" ಅಷ್ಟರಲ್ಲಿ ಬೆಲ್ ಹೊಡೆಯಿತು.

ಆ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಕಣ್ಣಿಗೆ ಕಂಡಿದ್ದನ್ನು ಪಾಠದಲ್ಲಿ ಕೇಳಿದ್ದಕ್ಕೆ ಹೋಲಿಸಿ, ಎರಡೂ ಕೂಡಿ ಬರದಿದ್ದಾಗ ಬಾಯಿ ಬಿಟ್ಟು ಕೇಳುವುದೇ ವಿಜ್ಞಾನದ ಕೆಲಸ. ಅವಸರದಲ್ಲಿ ಏನೋ ಹೇಳಿ ಮುಗಿಸಲು ಮನಸ್ಸಾಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮ ಕೈ ಮೇಲೆ ಎರಡು ಬಗೆಯ ಸೂಕ್ಷ್ಮಜೀವಿಗಳು ಇರುತ್ತವೆ. ಮೊದಲನೆಯವು ಅಲ್ಲಿಯೇ ಮನೆ ಮಾಡಿಕೊಂಡವು. ಸ್ಟೆಫೈಲೋಕಾಕಸ್ ಎಪಿಡರ್ಮಿಡಿಸ್, ಮೈಕ್ರೋಕಾಕಸ್ ಈ ಗುಂಪಿನವು. ಚರ್ಮದ ಮೇಲ್ಪದರದ ಒಳಗೆ, ರೋಮದ ಬುಡದಲ್ಲಿ ಇವುಗಳ ವಾಸ. ಆರೋಗ್ಯವಂತರಿಗೆ ಇವುಗಳಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಎಷ್ಟು ಉಜ್ಜಿದರೂ ಇವು ಪೂರ್ತಿ ಹೋಗುವುದೂ ಇಲ್ಲ. ಎರಡನೆಯವು ದಾರಿಹೋಕರು. ಯಾವುದನ್ನೋ ಮುಟ್ಟಿದಾಗ ಅಂಟಿಕೊಂಡವು, ಇನ್ನೊಂದನ್ನು ಮುಟ್ಟಿದಾಗ ಅಲ್ಲಿಗೆ ದಾಟಿಕೊಳ್ಳುವವು. ನೀವು ಲೂಪಿನಲ್ಲಿ ಎತ್ತುವ ಕಲ್ಚರ್ ಬೆರಳಿಗೆ ತಗುಲಿದರೆ ಅದು ಈ ಗುಂಪಿಗೆ ಸೇರಿತು.

ಮಂಗಳವಾರ ನೀವು ತೊಳೆದಿದ್ದು ಹೆಚ್ಚೆಂದರೆ ಐದಾರು ಸೆಕೆಂಡು. ಸಿಂಕ್ ಪಕ್ಕ ನಿಂತು ನೋಡುತ್ತಿದ್ದೆ. ಅಷ್ಟು ಹೊತ್ತಿನ ಉಜ್ಜುವಿಕೆಗೆ ಚರ್ಮದ ಸತ್ತ ಪದರ ಸಡಿಲವಾಗುತ್ತದೆ. ಒಳಗೆ ಕೂತಿದ್ದ ಕಾಯಂ ನಿವಾಸಿಗಳು ಮೇಲೆ ಬರುತ್ತವೆ. ಜೊತೆಗೆ ಬೆರಳು ಒದ್ದೆ ಇತ್ತು. ಒಣಗಿದ ಬೆರಳಿಗಿಂತ ಒದ್ದೆ ಬೆರಳಿನಿಂದ ಬ್ಯಾಕ್ಟೀರಿಯಾ ಸುಲಭವಾಗಿ ದಾಟಿಕೊಳ್ಳುತ್ತದೆ. ಪ್ಲೇಟಿನಲ್ಲಿ ಕಾಲೋನಿ ಜಾಸ್ತಿ ಕಂಡಿದ್ದು ಅದಕ್ಕೆ. ಯಾವ ಕಾಲೋನಿ ಮನೆಯವರದು, ಯಾವುದು ದಾರಿಹೋಕರದು ಅಂತ ನ್ಯೂಟ್ರಿಯೆಂಟ್ ಅಗಾರ್ ಬಿಡಿಸಿ ಹೇಳುವುದಿಲ್ಲ. ಅದು ಬೆಳೆಯಬಲ್ಲ ಎಲ್ಲವನ್ನೂ ಬೆಳೆಸುತ್ತದೆ. ನಿಮ್ಮ ಪ್ಲೇಟು ಸುಳ್ಳು ಹೇಳಲಿಲ್ಲ. ನಾವು ಅದಕ್ಕೆ ಕೇಳಿದ ಪ್ರಶ್ನೆಯೇ ಸರಿ ಇರಲಿಲ್ಲ.

ಲ್ಯಾಬಿನಲ್ಲಿ ಕೈ ತೊಳೆಯುವುದು ಕೈಯನ್ನು ಸೂಕ್ಷ್ಮಜೀವಿಗಳೇ ಇಲ್ಲದಂತೆ ಮಾಡಲು ಅಲ್ಲ. ಅದು ಆಗದ ಕೆಲಸ. ದಾರಿಹೋಕರು ನಿಮ್ಮ ಕೈ ಹಿಡಿದು ಬಾಗಿಲು ದಾಟಬಾರದು. ಅದಕ್ಕೆ ತೊಳೆಯುವುದು.

ಬಾಗಿಲು ದಾಟಿದರೆ ಏನಾಗುತ್ತದೆ? 2011ರಲ್ಲಿ ಅಮೆರಿಕದಲ್ಲಿ ಆಗಿದ್ದನ್ನು ಹೇಳುತ್ತೇನೆ. ಅಲ್ಲಿ 38 ರಾಜ್ಯಗಳಲ್ಲಿ 109 ಜನರಿಗೆ ಒಂದೇ ತಳಿಯ ಸಾಲ್ಮೊನೆಲ್ಲ ಟೈಫಿಮ್ಯೂರಿಯಂ ಸೋಂಕು ತಗುಲಿತು. ಒಬ್ಬರು ತೀರಿಕೊಂಡರು. ಮೂಲ ಹುಡುಕುತ್ತಾ ಹೋದಾಗ ಅದು ಸಿಕ್ಕಿದ್ದು ಮೈಕ್ರೋಬಯಾಲಜಿ ಲ್ಯಾಬುಗಳಲ್ಲಿ. ನಮ್ಮಂಥದೇ ಪಾಠದ ಲ್ಯಾಬುಗಳೂ ಅದರಲ್ಲಿದ್ದವು. ಕಲಿಕೆಗೆಂದು ಮಾರಾಟವಾಗುವ ತಳಿಗೂ ರೋಗಿಗಳಲ್ಲಿ ಸಿಕ್ಕಿದ ತಳಿಗೂ ವ್ಯತ್ಯಾಸ ಕಾಣಲಿಲ್ಲ. ಕಾಯಿಲೆ ಬಿದ್ದವರಲ್ಲಿ ವಿದ್ಯಾರ್ಥಿಗಳಿದ್ದರು, ಲ್ಯಾಬ್ ಕೆಲಸಗಾರರಿದ್ದರು. ಅಂಥವರ ಮನೆಯ ಪುಟ್ಟ ಮಕ್ಕಳೂ ಇದ್ದರು. ಆ ಮಕ್ಕಳು ಲ್ಯಾಬಿಗೆ ಕಾಲಿಟ್ಟವರಲ್ಲ. ಇಷ್ಟಾದ ಮೇಲೂ 2014ರಲ್ಲಿ, ಮತ್ತೆ 2017ರಲ್ಲಿ ಅಲ್ಲಿ ಇಂಥದೇ ಘಟನೆಗಳು ನಡೆದವು.

ಆ ಮಕ್ಕಳ ಬಗ್ಗೆ ಓದಿದಾಗಿನಿಂದ ನಾನು ಸಿಂಕ್ ಪಕ್ಕ ನಿಲ್ಲಲು ಶುರು ಮಾಡಿದೆ. ನೀವು ಲ್ಯಾಬ್ ಕೋಟ್ ಹಾಕಿಕೊಂಡು, ನಿಯಮ ಓದಿ, ಸಹಿ ಮಾಡಿ ಒಳಗೆ ಬರುತ್ತೀರಿ. ಏನು ಮುಟ್ಟುತ್ತಿದ್ದೀರಿ ಎಂದು ನಿಮಗೆ ಗೊತ್ತಿದೆ. ಮನೆಯಲ್ಲಿರುವ ತಮ್ಮನಿಗೆ, ವಯಸ್ಸಾದ ಅಜ್ಜಿಗೆ ಗೊತ್ತಿಲ್ಲ. ಅವರಿಗೆ ಕೋಟೂ ಇಲ್ಲ, ಗ್ಲೌಸೂ ಇಲ್ಲ.

ಕೈಯಿಂದ ಒಂದು ಕೋಣೆಯದು ಇನ್ನೊಂದು ಕೋಣೆಗೆ ಹೋಗುತ್ತದೆ ಅನ್ನುವುದನ್ನು ಮೊದಲು ಹಟ ಹಿಡಿದು ತೋರಿಸಿದವರಲ್ಲಿ ಒಬ್ಬರು ಇಗ್ನಾಜ್ ಸೆಮ್ಮೆಲ್‌ವೈಸ್. ವಿಯೆನ್ನಾದ ಜನರಲ್ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರು, ವೈದ್ಯ ವಿದ್ಯಾರ್ಥಿಗಳು. ಇನ್ನೊಂದರಲ್ಲಿ ಸೂಲಗಿತ್ತಿಯರು. ವೈದ್ಯರಿದ್ದ ಕಡೆಯೇ ಬಾಣಂತಿಯರ ಸಾವು ಬಹಳ ಜಾಸ್ತಿ. ಅವರು ಶವಪರೀಕ್ಷೆ ಮುಗಿಸಿ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿಯರು ಶವಾಗಾರಕ್ಕೆ ಹೋಗುತ್ತಲೇ ಇರಲಿಲ್ಲ. 1847ರಲ್ಲಿ ಸೆಮ್ಮೆಲ್‌ವೈಸ್ ಅವರ ಗೆಳೆಯ ಕೊಲೆಚ್ಕಾ ಶವಪರೀಕ್ಷೆ ವೇಳೆ ಚಾಕು ತಗುಲಿ ತೀರಿಕೊಂಡರು. ಬಾಣಂತಿಯರಲ್ಲಿ ಕಂಡ ಲಕ್ಷಣಗಳೇ ಅವರಲ್ಲೂ ಕಂಡವು. ಸೆಮ್ಮೆಲ್‌ವೈಸ್‌ಗೆ ಆಗ ಹೊಳೆಯಿತು: ದಾರಿ ಕೈಯೇ.

ಆ ವೈದ್ಯರು ಕೈ ತೊಳೆಯುತ್ತಲೇ ಇರಲಿಲ್ಲ ಅಂದುಕೊಳ್ಳಬೇಡಿ. ಸೋಪಿನಿಂದ ತೊಳೆಯುತ್ತಿದ್ದರು. ಆದರೂ ಶವದ ವಾಸನೆ ಕೈಯಲ್ಲಿ ಉಳಿಯುತ್ತಿತ್ತು. ಕಣ್ಣಿಗೆ ಶುಭ್ರವಾಗಿ ಕಾಣುವ ಕೈ ನಿಜಕ್ಕೂ ಶುಭ್ರವಾಗಿಲ್ಲ ಎಂದು ಸೆಮ್ಮೆಲ್‌ವೈಸ್‌ಗೆ ಹೇಳಿದ್ದು ಆ ವಾಸನೆ. ಅದನ್ನು ಹೋಗಲಾಡಿಸುವ ಕ್ಲೋರಿನ್ ಸುಣ್ಣದ ನೀರಿನಲ್ಲಿ ಎಲ್ಲರೂ ಕೈ ತೊಳೆಯಬೇಕೆಂದು ಮೇ ತಿಂಗಳಲ್ಲಿ ನಿಯಮ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ರೋಗಾಣುಗಳ ಸಿದ್ಧಾಂತ ಇನ್ನೂ ನೆಲೆಯೂರಿರದ ಕಾಲ ಅದು. ಯಾಕೆ ಕೆಲಸ ಮಾಡಿತು ಎಂದು ಪೂರ್ತಿ ವಿವರಿಸಲು ಅವರಿಗೆ ಆಗಲಿಲ್ಲ. ಬಹಳಷ್ಟು ಜನ ಒಪ್ಪಲೂ ಇಲ್ಲ. ನಮಗೆ ಕಾರಣ ಗೊತ್ತಿದೆ. ಗೊತ್ತಿದ್ದೂ ಐದು ಸೆಕೆಂಡಿಗೆ ನಲ್ಲಿ ನಿಲ್ಲಿಸುವುದು ನನಗೆ ಬೇಸರ ತರುತ್ತದೆ.

"ಗ್ಲೌಸ್ ಹಾಕಿದ್ದೆವಲ್ಲ" ಅಂತ ಕೆಲವರು ಹೇಳಿದಿರಿ. ಗ್ಲೌಸಿನಲ್ಲಿ ಕಣ್ಣಿಗೆ ಕಾಣದ ಸಣ್ಣ ತೂತುಗಳು ಇರಬಹುದು. ಅದಕ್ಕಿಂತ ದೊಡ್ಡ ತೊಂದರೆ ಅದನ್ನು ತೆಗೆಯುವಾಗ. ಹೊರಮೈ ಮಣಿಕಟ್ಟಿಗೆ ತಾಗಿತು ಅಂದರೆ ಅಷ್ಟು ಹೊತ್ತು ಹಾಕಿಕೊಂಡಿದ್ದು ದಂಡ. ಒಳಗೆ ಕೈ ಬೆವರಿ ಬೆಚ್ಚಗಿರುತ್ತದೆ, ನಮ್ಮದೇ ಬ್ಯಾಕ್ಟೀರಿಯಾ ಅಲ್ಲಿ ಚೆನ್ನಾಗಿ ಬೆಳೆಯುತ್ತದೆ. ಆದ್ದರಿಂದ ಗ್ಲೌಸ್ ತೆಗೆದ ತಕ್ಷಣ ಕೈ ತೊಳೆಯಬೇಕು. ಗ್ಲೌಸ್ ಹಾಕಿದ ಕೈಯಲ್ಲಿ ಬಾಗಿಲ ಹಿಡಿ ಮುಟ್ಟಬೇಡಿ. ಮೊಬೈಲ್ ಮುಟ್ಟಲೇಬೇಡಿ.

ಸ್ಯಾನಿಟೈಸರ್ ವಿಷಯವೂ ಇದೆ. ನೂರಕ್ಕೆ 60ಕ್ಕಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಅದು ಹೆಚ್ಚಿನ ಬ್ಯಾಕ್ಟೀರಿಯಾವನ್ನು ಬೇಗ ಕೊಲ್ಲುತ್ತದೆ. ಆದರೆ ಸ್ಪೋರ್‌ಗಳನ್ನು ಏನೂ ಮಾಡುವುದಿಲ್ಲ. ಸ್ಪೋರ್ ಸ್ಟೇನಿಂಗ್ ಮಾಡಿದ ದಿನ ನೀವು ಬಳಸಿದ್ದು ಬ್ಯಾಸಿಲಸ್, ಅಲ್ವಾ? ಅದರ ಸ್ಪೋರ್‌ಗಳು ಆಲ್ಕೋಹಾಲಿನಲ್ಲಿ ಆರಾಮವಾಗಿ ಉಳಿಯುತ್ತವೆ. ಸೋಪು, ನೀರು ಅವುಗಳನ್ನು ಕೊಲ್ಲುವುದಿಲ್ಲ ನಿಜ, ಆದರೆ ಕೈಯಿಂದ ಬಿಡಿಸಿ ಸಿಂಕಿಗೆ ಹರಿಸುತ್ತವೆ. ಕೈ ಜಿಡ್ಡಾಗಿದ್ದರೆ, ಕೊಳೆಯಾಗಿದ್ದರೆ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಇನ್ನೊಂದು ಮಾತು, ದಯವಿಟ್ಟು ಗಮನ ಇಟ್ಟು ಓದಿ. ಆಲ್ಕೋಹಾಲ್ ಹಚ್ಚಿದ ಕೈ ಪೂರ್ತಿ ಒಣಗುವ ತನಕ ಬನ್ಸೆನ್ ಬರ್ನರ್ ಹತ್ತಿರ ಹೋಗಬೇಡಿ. ಕೈಗೆ ಬೆಂಕಿ ಹತ್ತಿಕೊಳ್ಳುತ್ತದೆ.

ಕೈಯಿಂದ ಹೊರಗೆ ಹೋಗುವುದಷ್ಟೇ ಅಲ್ಲ, ಕೈಯಿಂದ ಒಳಗೆ ಬರುವುದೂ ಇದೆ. ನಾನು ಎಂ.ಎಸ್ಸಿ. ಓದುವಾಗ ಎರಡು ವಾರ ನನ್ನ ಪ್ಲೇಟುಗಳಲ್ಲಿ ಬೇಡದ ಬಿಳಿ ಕಾಲೋನಿಗಳು ಬರುತ್ತಿದ್ದವು. ಮೀಡಿಯಂ ಬದಲಿಸಿದೆ. ಆಟೋಕ್ಲೇವ್ ಸರಿ ಇಲ್ಲ ಅಂದುಕೊಂಡೆ. ಕೊನೆಗೆ ಒಂದು ದಿನ ಗ್ರಾಮ್ ಸ್ಟೇನ್ ಮಾಡಿ ನೋಡಿದರೆ ನೇರಳೆ ಬಣ್ಣದ ದುಂಡನೆಯ ಗೊಂಚಲು. ಸ್ಟೆಫೈಲೋಕಾಕಸ್. ಬೆಂಚಿಗೆ ಕೂರುವ ಮೊದಲು ನಾನು ಕೈ ತೊಳೆಯುತ್ತಿರಲಿಲ್ಲ. ಪ್ಲೇಟಿನ ಮುಚ್ಚಳ ಎತ್ತುವಾಗ ಬೆರಳು ಒಳ ಅಂಚಿಗೆ ತಾಗುತ್ತಿತ್ತು. ಎರಡು ವಾರದ ಕೆಲಸ ಹೋಯಿತು. ಅಂದಿನಿಂದ ಕೆಲಸಕ್ಕೆ ಮುಂಚೆ ತೊಳೆಯುವುದನ್ನು, ಮುಗಿದ ಮೇಲೆ ತೊಳೆಯುವುದನ್ನು ಎಂದೂ ಬಿಟ್ಟಿಲ್ಲ. ನೀವೂ ಎರಡು ಸಲ ತೊಳೆಯಬೇಕು.

ಹೇಗೆ ತೊಳೆಯಬೇಕು ಅಂತ ನಿಮಗೆ ಗೊತ್ತಿದೆ, ಉದ್ದಕ್ಕೆ ಬರೆಯುವುದಿಲ್ಲ. ಒದ್ದೆ ಮಾಡಿ ಸೋಪು ಹಚ್ಚುವಲ್ಲಿಂದ ಒರೆಸಿಕೊಳ್ಳುವ ತನಕ 40ರಿಂದ 60 ಸೆಕೆಂಡು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂಗೈಯನ್ನು ಎಲ್ಲರೂ ಚೆನ್ನಾಗಿ ಉಜ್ಜುತ್ತಾರೆ. ತಪ್ಪಿಹೋಗುವುದು ಹೆಬ್ಬೆರಳು, ಬೆರಳ ತುದಿ, ಬೆರಳ ಸಂದು. ಲ್ಯಾಬಿನಲ್ಲಿ ಕೆಲಸ ಮಾಡುವುದು ಅವೇ ಬೆರಳ ತುದಿಗಳು ಎಂಬುದು ನೆನಪಿರಲಿ. ಉಗುರು ಚಿಕ್ಕದಾಗಿರಲಿ. ಉಂಗುರ ಬ್ಯಾಗಿನಲ್ಲಿರಲಿ. ಕೊಳೆ ಕೈಯಲ್ಲಿ ತಿರುಗಿಸಿದ ನಲ್ಲಿಯನ್ನೇ ತೊಳೆದ ಕೈಯಲ್ಲಿ ಮತ್ತೆ ಮುಟ್ಟಬೇಡಿ. ಪೇಪರ್ ಟವೆಲಿನಲ್ಲಿ ಕೈ ಒರೆಸಿ, ಅದೇ ಪೇಪರ್ ಹಿಡಿದು ನಲ್ಲಿ ನಿಲ್ಲಿಸಿ.

ತೊಳೆದ ಕೈಯನ್ನು ಮತ್ತೆ ಕೊಳೆ ಮಾಡುವುದು ಪೆನ್ನು. ಬೆಂಚಿನ ಮೇಲೆ ಉರುಳಿದ ಪೆನ್ನು ಆಮೇಲೆ ಕಿಸೆಗೆ ಹೋಗುತ್ತದೆ, ತರಗತಿಯಲ್ಲಿ ಯೋಚನೆ ಮಾಡುವಾಗ ಬಾಯಿಗೂ ಹೋಗುತ್ತದೆ. ನಾವು ಮುಖ ಮುಟ್ಟಿಕೊಳ್ಳುವುದು ನಮಗೇ ತಿಳಿಯುವುದಿಲ್ಲ. ಆಸ್ಟ್ರೇಲಿಯಾದಲ್ಲಿ ವೈದ್ಯ ವಿದ್ಯಾರ್ಥಿಗಳನ್ನು ಗಮನಿಸಿದಾಗ ಅವರು ಗಂಟೆಗೆ ಸರಾಸರಿ 23 ಸಲ ಮುಖ ಮುಟ್ಟಿಕೊಂಡಿದ್ದರು. ಶಿಗೆಲ್ಲದಂಥ ಬ್ಯಾಕ್ಟೀರಿಯಾ ಕಾಯಿಲೆ ತರಲು ಹತ್ತರಿಂದ ನೂರು ಕೋಶ ಸಾಕು. ಅಷ್ಟನ್ನು ಸಾಗಿಸಲು ಒಂದು ಪೆನ್ನಿನ ಮುಚ್ಚಳ ಧಾರಾಳವಾಯಿತು. ಅದಕ್ಕೇ ಈ ವಾರದಿಂದ ಲ್ಯಾಬಿನ ಪೆನ್ನುಗಳು ಲ್ಯಾಬಿನಲ್ಲೇ ಇರುತ್ತವೆ. ಪ್ರತಿ ಬೆಂಚಿಗೂ ಎರಡು ಪೆನ್ನು, ಒಂದು ಮಾರ್ಕರ್ ಇಟ್ಟಿದ್ದೇನೆ. ನಿಮ್ಮ ಪೆನ್ನು, ಮೊಬೈಲ್, ನೀರಿನ ಬಾಟಲಿ ಎಲ್ಲ ಹೊರಗಿನ ರ‍್ಯಾಕಿನಲ್ಲಿ. ರೆಕಾರ್ಡ್ ಬುಕ್ಕನ್ನೂ ಬೆಂಚಿಗೆ ತರಬೇಡಿ. ರೀಡಿಂಗ್‌ಗಳನ್ನು ಲ್ಯಾಬಿನ ಹಾಳೆಯಲ್ಲಿ ಬರೆಯಿರಿ. ಕೆಲಸ ಮುಗಿದ ಮೇಲೆ ಬೋರ್ಡಿನ ಮೇಲೆ ಬರೆದಿಡೋಣ, ಕೈ ತೊಳೆದು ಬಂದು ಬಾಗಿಲ ಹತ್ತಿರದ ಟೇಬಲಿನಲ್ಲಿ ಕೂತು ನಕಲು ಮಾಡಿಕೊಳ್ಳಿ.

ಕೈಯಲ್ಲಿ ಗಾಯ ಇದ್ದರೆ, ಸೋಪಿನಿಂದ ಚರ್ಮ ಒಡೆಯುತ್ತಿದ್ದರೆ ನನಗೆ ಹೇಳಿ. ಮುಚ್ಚಿಡಬೇಡಿ. ಒಡೆದ ಚರ್ಮದಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ನೆಲೆ ನಿಲ್ಲುತ್ತದೆ, ತೊಳೆಯಲೂ ಉರಿಯುತ್ತದೆ. ಬೇರೆ ಸೋಪು ತರಿಸೋಣ, ಗಾಯ ವಾಸಿಯಾಗುವ ತನಕ ಬೇರೆ ಕೆಲಸ ಕೊಡುತ್ತೇನೆ. ಅಂಕ ಕಡಿಮೆಯಾಗುವುದಿಲ್ಲ.

ಇನ್ನು ಆ ಹಿಂದಿನ ಬೆಂಚಿನ ಪ್ರಶ್ನೆಗೆ ಪ್ಲೇಟಿನಿಂದಲೇ ಉತ್ತರ ಕೇಳೋಣ. ಬರುವ ಮಂಗಳವಾರ ಬೆರಳ ತುದಿಗೆ ಯೀಸ್ಟ್ ಕಲ್ಚರ್ ಹಚ್ಚಿ ಒಣಗಲು ಬಿಡುತ್ತೇವೆ. ಗಾಯ ಇದ್ದವರು ಹಚ್ಚಿಕೊಳ್ಳುವುದು ಬೇಡ, ಎಣಿಸುವ ಕೆಲಸ ಮಾಡಿ. ಈ ಸಲ ಬೆರಳು ಒತ್ತುವುದು ಕ್ಲೋರಾಂಫೆನಿಕಾಲ್ ಹಾಕಿದ ಸಾಬೂರೋ ಅಗಾರ್ ಮೇಲೆ. ಚರ್ಮದ ಬ್ಯಾಕ್ಟೀರಿಯಾವನ್ನು ಆ ಆಂಟಿಬಯೋಟಿಕ್ ತಡೆಯುತ್ತದೆ, ಯೀಸ್ಟ್ ಬೆಳೆಯುತ್ತದೆ. ಅಂದರೆ ದಾರಿಹೋಕರನ್ನು ಮಾತ್ರ ಎಣಿಸಬಹುದು. ಮೊದಲ ಗುಂಪು ತೊಳೆಯುವುದಿಲ್ಲ. ಎರಡನೆಯದು ಬರೀ ನೀರಿನಲ್ಲಿ ಐದು ಸೆಕೆಂಡು. ಮೂರನೆಯದು ಸೋಪಿನಲ್ಲಿ ಐದು ಸೆಕೆಂಡು. ನಾಲ್ಕನೆಯದು ಸೋಪಿನಲ್ಲಿ ಪೂರ್ತಿ ಹೊತ್ತು. ಒತ್ತುವ ಮುಂಚೆ ಎಲ್ಲರೂ ಬೆರಳು ಒಣಗಿಸಿಕೊಳ್ಳಬೇಕು. ಯಾವ ಪ್ಲೇಟಿನಲ್ಲಿ ಎಷ್ಟು ಕಾಲೋನಿ ಬರಬಹುದು ಅಂತ ಸೋಮವಾರವೇ ಒಂದು ಚೀಟಿಯಲ್ಲಿ ಬರೆದು ನನ್ನ ಟೇಬಲಿನ ಮೇಲೆ ಇಟ್ಟು ಹೋಗಿ. ಗುರುವಾರ ಎಣಿಸುವಾಗ ತೆಗೆದು ನೋಡೋಣ.

ಪ್ರೀತಿಯಿಂದ,
ನಿಮ್ಮ ಮೈಕ್ರೋಬಯಾಲಜಿ ಮೇಡಂ